ಒಣ ಬೀದಿಗೆ ಮಳೆಯ ಕನ್ನಡಿ

ಸಂಜೆ ಹೊತ್ತು ತೆಗೆದ ಒಣ ರಸ್ತೆಯ ಫೋಟೊವನ್ನು ಆಗಷ್ಟೇ ಮಳೆ ನಿಂತ ಬೀದಿಯಂತೆ ಮಾಡಲು ಫೋಟೊಶಾಪ್, ಗಿಂಪ್‌ನಂಥ ತಂತ್ರಾಂಶಗಳಲ್ಲಿ ಮೂರು ಕೆಲಸ ಆಗಬೇಕು. ಡಾಂಬರು ಕಪ್ಪಾಗಬೇಕು, ಅಲ್ಲಲ್ಲಿ ನೀರು ನಿಲ್ಲಬೇಕು, ಆ ನೀರಿನಲ್ಲಿ ಬೀದಿದೀಪಗಳೂ ಅಂಗಡಿಗಳೂ ಮೂಡಬೇಕು. ಮೊದಲ ಎರಡು ಅಷ್ಟೇನೂ ಕಷ್ಟವಲ್ಲ. ಬಹುಪಾಲು ಚಿತ್ರಗಳು ಸೋಲುವುದು ಮೂರನೆಯದರಲ್ಲಿ. ಚಿತ್ರದ ಮೇಲರ್ಧವನ್ನು ಇಡಿಯಾಗಿ ತಲೆಕೆಳಗು ಮಾಡಿ ರಸ್ತೆಯ ಮೇಲೆ ಅಂಟಿಸಿಬಿಟ್ಟರೆ ಕೆರೆಯ ದಡದ ಚಿತ್ರವಾಗುತ್ತದೆಯೇ ಹೊರತು ಬೀದಿಯ ಚಿತ್ರ ಆಗುವುದಿಲ್ಲ. ನೋಡುವವರಿಗೆ ಕಾರಣ ಹೇಳಲು ಬಾರದಿರಬಹುದು, ಆದರೆ ಎಲ್ಲೋ ಸುಳ್ಳಿದೆ ಎಂಬುದು ಕಣ್ಣಿಗೆ ತಿಳಿದುಬಿಡುತ್ತದೆ. ಪ್ರತಿಬಿಂಬ ಎಲ್ಲಿ ಬೀಳಬೇಕು, ಎಷ್ಟು ಬೆಳಗಬೇಕು, ಎಷ್ಟು ಕದಡಿರಬೇಕು ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಫೋಟೊದಲ್ಲೇ ಇರುತ್ತದೆ. ಅದನ್ನು ಅಳೆದು ತೆಗೆಯುವುದೇ ಈ ಕೆಲಸದ ತಿರುಳು.

ಯಾವ ಫೋಟೊ ಒಗ್ಗುತ್ತದೆ

ಸೂರ್ಯ ಮುಳುಗಿ ಅರ್ಧ ಗಂಟೆಯೊಳಗೆ ತೆಗೆದ ಚಿತ್ರ ಎಲ್ಲಕ್ಕಿಂತ ಒಳ್ಳೆಯದು. ಆಗ ದೀಪಗಳು ಹೊತ್ತಿರುತ್ತವೆ, ಆಕಾಶದಲ್ಲೂ ನೀಲಿ ಬೆಳಕು ಉಳಿದಿರುತ್ತದೆ. ನಿಂತ ನೀರು ಆ ನೀಲಿಯನ್ನು ಹಿಡಿದು, ಸುತ್ತಲಿನ ಕಪ್ಪು ಡಾಂಬರಿನಿಂದ ಬೇರೆಯಾಗಿ ಕಾಣುತ್ತದೆ. ನಡುಹಗಲಿನ ಚಿತ್ರದಲ್ಲಿ ಕಟ್ಟಡಗಳ ಗಟ್ಟಿ ನೆರಳು ರಸ್ತೆಯ ಮೇಲೆ ಬಿದ್ದಿರುತ್ತದೆ, ಅದನ್ನು ಅಳಿಸುವುದೇ ದೊಡ್ಡ ಕೆಲಸ. ಪೂರ್ತಿ ಕತ್ತಲಾದ ಮೇಲಿನ ಚಿತ್ರದಲ್ಲಿ ದೀಪಗಳನ್ನು ಬಿಟ್ಟರೆ ಪ್ರತಿಬಿಂಬಿಸಲು ಹೆಚ್ಚೇನೂ ಇರುವುದಿಲ್ಲ.

ಕ್ಯಾಮೆರಾ ಮಟ್ಟವಾಗಿ ಹಿಡಿದಿದ್ದರೆ ಲೆಕ್ಕ ಸಲೀಸು. ಹಾಗೆ ಹಿಡಿದ ಚಿತ್ರದಲ್ಲಿ ಕಂಬಗಳೂ ಗೋಡೆಗಳ ಅಂಚುಗಳೂ ನೆಟ್ಟಗೆ ನಿಂತಿರುತ್ತವೆ, ದಿಗಂತರೇಖೆ ಚಿತ್ರದ ನಡುವಿನಲ್ಲಿ ಹಾಯುತ್ತದೆ. ಕಂಬಗಳು ಸ್ವಲ್ಪ ಒಳಕ್ಕೋ ಹೊರಕ್ಕೋ ವಾಲಿದ್ದರೆ, ಬೇರೇನನ್ನೂ ಮುಟ್ಟುವ ಮೊದಲು ಅವುಗಳನ್ನು ನೇರ ಮಾಡಿಕೊಳ್ಳಬೇಕು. ಮುಂದೆ ಬರುವ ಅಳತೆಗಳೆಲ್ಲ ಈ ನೇರದ ಮೇಲೆಯೇ ನಿಂತಿವೆ.

ಒದ್ದೆಯಾದರೆ ಡಾಂಬರು ಏಕೆ ಕಪ್ಪು

ಒಣ ಡಾಂಬರಿನ ಮೈ ತುಂಬ ಸಣ್ಣ ಸಣ್ಣ ಕುಳಿಗಳು. ಬಿದ್ದ ಬೆಳಕು ಅವುಗಳಲ್ಲಿ ಚದುರಿ ಎಲ್ಲ ದಿಕ್ಕಿಗೂ ಹೊರಬರುವುದರಿಂದ ರಸ್ತೆ ಬೂದುಬಣ್ಣಕ್ಕೆ ಕಾಣುತ್ತದೆ. ಮೇಲೆ ನೀರಿನ ತೆಳು ಪದರ ಕುಳಿತಾಗ, ಡಾಂಬರಿನಿಂದ ಚದುರಿದ ಬೆಳಕಿನ ಒಂದು ಪಾಲು ನೀರಿನ ಮೇಲ್ಮೈಗೆ ಒಳಗಿನಿಂದ ತಾಗಿ ಮತ್ತೆ ಕೆಳಕ್ಕೇ ಮರಳುತ್ತದೆ. ಹಾಗೆ ಮರಳಿದಾಗಲೆಲ್ಲ ಡಾಂಬರು ಅದರಲ್ಲಿ ಇನ್ನಷ್ಟನ್ನು ನುಂಗುತ್ತದೆ. ಒದ್ದೆ ನೆಲ ಕಪ್ಪಾಗುವುದಕ್ಕೆ ಈ ಬಗೆಯ ವಿವರಣೆಯನ್ನು ಸ್ವೀಡನ್ನಿನ ಆಂಡರ್ಸ್ ಆಂಗ್‌ಸ್ಟ್ರಾಮ್ 1925ರಲ್ಲೇ ಕೊಟ್ಟಿದ್ದರು.

ಫೋಟೊದಲ್ಲಿ ಇದನ್ನು ಮಾಡಲು ರಸ್ತೆಯ ಭಾಗವನ್ನಷ್ಟೇ ಆಯ್ದು ಮಾಸ್ಕ್ ಮಾಡಿಕೊಂಡು, `Curves` ಪದರದಿಂದ ಅದರ ಬೆಳಕನ್ನು ಸುಮಾರು ಅರ್ಧಕ್ಕೆ ಇಳಿಸಬೇಕು. ಇಲ್ಲಿ ಮರೆತುಹೋಗುವ ಸಂಗತಿ ಒಂದಿದೆ. ಒಣ ರಸ್ತೆಯ ಚಿತ್ರದಲ್ಲಿ ಪ್ರತಿ ಕಂಬದ ಕೆಳಗೂ ಬೆಳಕಿನ ದುಂಡನೆಯ ಹರವು ಇರುತ್ತದೆ. ಅದು ಚದುರಿದ ಬೆಳಕು. ನೆಲ ನೆನೆದಾಗ ಅದು ಮಂಕಾಗಬೇಕು, ಅದರ ಜಾಗದಲ್ಲಿ ದೀಪದ ಪ್ರತಿಬಿಂಬ ಬರಬೇಕು. ಹರವನ್ನು ಹಾಗೇ ಬಿಟ್ಟು ಮೇಲೊಂದು ಪ್ರತಿಬಿಂಬ ಇಟ್ಟರೆ ರಸ್ತೆ ಒಣಗಿಯೂ ಇದೆ, ನೆನೆದೂ ಇದೆ ಎಂಬಂತಾಗುತ್ತದೆ. ಆದ್ದರಿಂದ ಆ ಹರವುಗಳ ಮೇಲೆ ಮೆತ್ತನೆಯ ಬ್ರಷ್‌ನಿಂದ ಇನ್ನೊಂದು ಸುತ್ತು ಕತ್ತಲು ಹಾಯಿಸಬೇಕು.

ಮಡಿಕೆ ಬೀಳುವುದು ಬುಡದಲ್ಲಿ

ಕನ್ನಡಿಯ ನಿಯಮ ಸರಳ. ನೆಲದಿಂದ ಎಷ್ಟು ಮೇಲೆ ವಸ್ತು ಇದೆಯೋ, ಅದರ ಬಿಂಬ ನೆಲದಿಂದ ಅಷ್ಟೇ ಕೆಳಗೆ ಇರುತ್ತದೆ. ಹಾಗಾಗಿ ಕಾಗದವನ್ನು ಮಡಿಸಿದಂತೆ ಪ್ರತಿ ವಸ್ತುವನ್ನೂ ಅದರದೇ ಬುಡದಲ್ಲಿ ಮಡಿಸಬೇಕು, ದಿಗಂತರೇಖೆಯಲ್ಲಿ ಅಲ್ಲ. ದಿಗಂತದಲ್ಲಿ ಮಡಿಕೆ ಬೀಳುವುದು ಆಕಾಶಕ್ಕೆ, ಬಹುದೂರದ ಗುಡ್ಡಗಳಿಗೆ ಮಾತ್ರ. ಕೆರೆಯಾಚೆಯ ಗುಡ್ಡದ ಚಿತ್ರಕ್ಕೆ ಒಂದೇ ಮಡಿಕೆ ಸಾಕಾಗುವುದೂ, ಬೀದಿಯ ಚಿತ್ರಕ್ಕೆ ಸಾಕಾಗದಿರುವುದೂ ಇದೇ ಕಾರಣಕ್ಕೆ.

ಒಂದು ಚಿತ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಅದರ ಅಗಲ 6000 ಪಿಕ್ಸೆಲ್, ಎತ್ತರ 4000. ಫುಲ್‌ಫ್ರೇಮ್ ಕ್ಯಾಮೆರಾಕ್ಕೆ 28 ಮಿಲಿಮೀಟರ್ ಲೆನ್ಸ್ ಹಾಕಿ, ನಿಂತವರ ಕಣ್ಣೆತ್ತರದಲ್ಲಿ, ಅಂದರೆ ರಸ್ತೆಯಿಂದ 1.6 ಮೀಟರ್ ಮೇಲೆ ಮಟ್ಟವಾಗಿ ಹಿಡಿದು ತೆಗೆದದ್ದು. ಮೇಲಿನ ಅಂಚಿನಿಂದ ಎಣಿಸಿದರೆ ದಿಗಂತ 2000ನೇ ಪಿಕ್ಸೆಲ್‌ನಲ್ಲಿದೆ. ರಸ್ತೆಯ ಬಲ ಅಂಚಿನಲ್ಲಿ 8 ಮೀಟರ್ ಎತ್ತರದ ದೀಪದ ಕಂಬಗಳು 25 ಮೀಟರಿಗೆ ಒಂದರಂತೆ ನಿಂತಿವೆ.

ಮೊದಲ ಕಂಬದ ಬುಡ 2300ರಲ್ಲಿ ಕಾಣುತ್ತದೆ, ದೀಪ 800ರಲ್ಲಿ. ನಡುವಿನ ಅಂತರ 1500. ಅಷ್ಟನ್ನೇ ಬುಡದಿಂದ ಕೆಳಕ್ಕೆ ಅಳೆದರೆ ದೀಪದ ಬಿಂಬ 3800ರಲ್ಲಿ ಬೀಳಬೇಕು, ಚಿತ್ರದ ಕೆಳ ಅಂಚಿಗೆ ತೀರ ಹತ್ತಿರ. ಎರಡನೆಯ ಕಂಬದ ಬುಡ 2150ರಲ್ಲಿ, ದೀಪ 1400ರಲ್ಲಿ, ಬಿಂಬ 2900ರಲ್ಲಿ. ಮೂರನೆಯದರ ಬುಡ 2100ರಲ್ಲಿ, ದೀಪ 1600ರಲ್ಲಿ, ಬಿಂಬ 2600ರಲ್ಲಿ. ಇಡೀ ಚಿತ್ರವನ್ನು ದಿಗಂತದಲ್ಲಿ ಮಡಿಸಿದ್ದರೆ ಮೊದಲ ದೀಪದ ಬಿಂಬ 3800ರ ಬದಲು 3200ಕ್ಕೆ ಬರುತ್ತಿತ್ತು. 600 ಪಿಕ್ಸೆಲ್‌ನ ತಪ್ಪು ಅದು. ದೂರ ಹೋದಂತೆ ತಪ್ಪು ಕಿರಿದಾಗುತ್ತದೆ, ಮೂರನೆಯ ಕಂಬದಲ್ಲಿ 200 ಪಿಕ್ಸೆಲ್ ಮಾತ್ರ. ಸೋಮಾರಿ ಮಡಿಕೆ ದೂರದಲ್ಲಿ ಹೇಗೋ ಒಪ್ಪಿಗೆಯಾಗಿ, ಹತ್ತಿರ ಬಂದಾಗ ಬಯಲಾಗುವುದು ಹೀಗೆ.

ಬಿಂಬ ಯಾವಾಗಲೂ ಕಂಬದ ನೇರ ಕೆಳಗೇ ಇರಬೇಕು, ಎಡಕ್ಕೋ ಬಲಕ್ಕೋ ಜಾರಬಾರದು. ಸಂಜೆಯ ನೆರಳು ಓರೆಯಾಗಿ ಬಿದ್ದಿತೆಂದು ಪ್ರತಿಬಿಂಬವನ್ನೂ ಓರೆ ಮಾಡುವುದುಂಟು. ನೆರಳಿನ ದಿಕ್ಕನ್ನು ನಿರ್ಧರಿಸುವುದು ಬೆಳಕಿನ ಮೂಲ, ಪ್ರತಿಬಿಂಬಕ್ಕೂ ಅದಕ್ಕೂ ಸಂಬಂಧವಿಲ್ಲ.

ಓರೆಯಾಗಿ ಹೋಗುವ ಅಂಗಡಿ ಸಾಲು

ಕಂಬಕ್ಕೆ ಬುಡ ಒಂದೇ ಬಿಂದು. ರಸ್ತೆಯುದ್ದಕ್ಕೂ ದೂರಕ್ಕೆ ಸಾಗುವ ಅಂಗಡಿ ಸಾಲಿಗೆ ಬುಡವೆಂದರೆ ಒಂದು ಓರೆ ಗೆರೆ. ಎಡ ಅಂಚಿನಲ್ಲಿ ಆ ಗೆರೆ 2900ರಲ್ಲಿ ಶುರುವಾಗಿ, ಬಲಕ್ಕೆ 1500 ಪಿಕ್ಸೆಲ್ ಸಾಗುವಷ್ಟರಲ್ಲಿ 2450ಕ್ಕೆ ಏರಿದೆ ಎಂದುಕೊಳ್ಳಬಹುದು. ಸಾಲನ್ನು ಆಯ್ದು, ಹೊಸ ಲೇಯರ್‌ಗೆ ನಕಲು ಮಾಡಿ, `Flip Vertical` ಕೊಟ್ಟು ಎಡತುದಿಯ ಬುಡಕ್ಕೆ ತಂದು ಜೋಡಿಸಿದರೆ ಬಲತುದಿ 3350ಕ್ಕೆ ಇಳಿದಿರುತ್ತದೆ. ಮೂಲದಲ್ಲಿ ಮೇಲೇರುತ್ತಿದ್ದ ಗೆರೆ ಬಿಂಬದಲ್ಲಿ ಕೆಳಗಿಳಿಯುತ್ತಿದೆ. ನಡುವೆ ತ್ರಿಕೋನಾಕಾರದ ಬಿರುಕು.

ಇದನ್ನು ಮುಚ್ಚಲು ಎಷ್ಟೋ ಮಂದಿ `Perspective` ಅಥವಾ `Warp` ಹಿಡಿದು ಎಳೆದಾಡುತ್ತಾರೆ. ಅದರ ಅಗತ್ಯವಿಲ್ಲ. ಬೇಕಾದದ್ದು `Skew` ಮಾತ್ರ. ಎಡ ಅಂಚನ್ನು ಅಲುಗದಂತೆ ಬಿಟ್ಟು, ಬಲ ಅಂಚನ್ನು ನೇರ ಮೇಲಕ್ಕೆ 900 ಪಿಕ್ಸೆಲ್ ಸರಿಸಿದರೆ ಬುಡದ ಗೆರೆಗಳು ಉದ್ದಕ್ಕೂ ಕೂಡಿಕೊಳ್ಳುತ್ತವೆ. 900 ಎಂದರೆ ಮೂಲದ ಗೆರೆ ಏರಿದ 450ರ ಎರಡು ಪಟ್ಟು. ಇದು ಅಂದಾಜಿನ ಉಪಾಯವಲ್ಲ, ಪಕ್ಕಾ ಲೆಕ್ಕ. ಪ್ರತಿಯೊಂದು ಲಂಬಗೆರೆಯೂ ತನ್ನ ಬುಡದಲ್ಲಿ ಮಡಿದುಕೊಳ್ಳುವಾಗ ಅದರ ಉದ್ದ ಬದಲಾಗುವುದಿಲ್ಲ, ಎಷ್ಟು ಸರಿಯಬೇಕು ಎಂಬುದಷ್ಟೇ ಬುಡದ ಗೆರೆಯ ಓರೆಗೆ ತಕ್ಕಂತೆ ಬದಲಾಗುತ್ತದೆ. `Skew` ಮಾಡುವುದೂ ಅದನ್ನೇ.

ಅಂಗಡಿಗಳ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅವು ನಿಂತಿರುವುದು ಫುಟ್‌ಪಾತ್‌ನ ಮೇಲೆ, ನೀರು ನಿಂತಿರುವುದು ರಸ್ತೆಯ ಮೇಲೆ. ಮಡಿಕೆ ಬೀಳಬೇಕಾದದ್ದು ರಸ್ತೆಯ ಮಟ್ಟದಲ್ಲಿ. ಫುಟ್‌ಪಾತ್ 15 ಸೆಂಟಿಮೀಟರ್ ಎತ್ತರವಿದ್ದರೆ, 25 ಮೀಟರ್ ದೂರದಲ್ಲಿ ಅದು ಚಿತ್ರದಲ್ಲಿ 28 ಪಿಕ್ಸೆಲ್ ಆಗುತ್ತದೆ. ಗೋಡೆಯ ಬುಡದಿಂದ ಅಷ್ಟು ಕೆಳಗೆ ಗೆರೆಯನ್ನು ಊಹಿಸಿಕೊಂಡು ಅಲ್ಲಿ ಮಡಿಸಬೇಕು. ಮೇಲಿನ 2900, 2450 ಕೂಡ ಹೀಗೆ ರಸ್ತೆಯ ಮಟ್ಟಕ್ಕೆ ಇಳಿಸಿಕೊಂಡ ಗೆರೆಯ ಅಂಕಿಗಳೇ. ಹೀಗೆ ಮಾಡಿದಾಗ ಬಿಂಬದಲ್ಲಿ ಮೊದಲು ಫುಟ್‌ಪಾತ್‌ನ ಕಲ್ಲಂಚು ಕಂಡು, ಆಮೇಲೆ ಗೋಡೆ ಕಾಣುತ್ತದೆ. ನಿಜವಾದ ಮಳೆಬೀದಿಯಲ್ಲೂ ಹಾಗೇ ಕಾಣುವುದು.

ಎಷ್ಟು ಬೆಳಗಬೇಕು

ನೀರು ಎಲ್ಲ ಕೋನದಲ್ಲೂ ಒಂದೇ ರೀತಿ ಕನ್ನಡಿಯಾಗುವುದಿಲ್ಲ. ಕಾಲ ಬುಡದ ನೀರನ್ನು ನೇರ ಮೇಲಿನಿಂದ ನೋಡಿದರೆ ಬಿದ್ದ ಬೆಳಕಿನಲ್ಲಿ ಶೇಕಡಾ 2 ಮಾತ್ರ ಮರಳುತ್ತದೆ, ಆದ್ದರಿಂದ ತಳದ ಡಾಂಬರೇ ಕಾಣುತ್ತದೆ. ನೋಟ ನೆಲಕ್ಕೆ ಹತ್ತಿರಹತ್ತಿರ ಮಲಗಿದಂತೆ ಪ್ರತಿಫಲನ ಏರುತ್ತದೆ. ಲೆಕ್ಕಕ್ಕೆ ತೆಗೆದುಕೊಂಡ ಚಿತ್ರದಲ್ಲಿ, ಮೂರನೆಯ ದೀಪದ ಬಿಂಬ ಮೂಡುವ ಜಾಗದಲ್ಲಿ ನೋಟದ ಗೆರೆ ನೆಲದೊಂದಿಗೆ ಸುಮಾರು 7 ಡಿಗ್ರಿ ಕೋನ ಮಾಡುತ್ತದೆ, ಅಲ್ಲಿ ಮರಳುವ ಬೆಳಕು ಶೇಕಡಾ 46. ಎರಡನೆಯ ದೀಪದ ಜಾಗದಲ್ಲಿ ಶೇಕಡಾ 32. ಚಿತ್ರದ ಕೆಳ ಅಂಚಿನ ಬಳಿ, ಮೊದಲ ದೀಪದ ಜಾಗದಲ್ಲಿ ಶೇಕಡಾ 12. ಹಾಗಾಗಿ ಪ್ರತಿಬಿಂಬದ ಲೇಯರ್‌ಗೆ ದಿಗಂತದ ಕಡೆ ಗಾಢವಾಗಿದ್ದು ಕೆಳಕ್ಕೆ ಬರುತ್ತ ಮಾಸುವ `Gradient` ಮಾಸ್ಕ್ ಹಾಕಬೇಕು.

ಆದರೆ ಈ ಶೇಕಡಾ ಅಂಕಿಗಳನ್ನು ಹಾಗೇ `Opacity` ಪೆಟ್ಟಿಗೆಯಲ್ಲಿ ಬರೆದರೆ ಬಿಂಬಗಳು ತೀರ ಮಂಕಾಗುತ್ತವೆ. ಸಾಮಾನ್ಯ ಫೋಟೊ ಫೈಲಿನ ಅಂಕಿಗಳು ನೇರವಾಗಿ ಬೆಳಕಿನ ಪ್ರಮಾಣವಲ್ಲ. ಕಣ್ಣಿಗೆ ಹೊಂದುವಂತೆ ಅವುಗಳನ್ನು ಬಗ್ಗಿಸಿ ಬರೆದಿರುತ್ತದೆ. ಆ ಬಾಗನ್ನು ಲೆಕ್ಕಕ್ಕೆ ಹಿಡಿದರೆ, `Screen` ಬ್ಲೆಂಡಿಂಗ್‌ನಲ್ಲಿ 46ಕ್ಕೆ ಸುಮಾರು 70, 32ಕ್ಕೆ 60, 12ಕ್ಕೆ 40 ಇಟ್ಟರೆ ನಿಜಕ್ಕೆ ಹತ್ತಿರವಾಗುತ್ತದೆ. `Screen` ಆಯ್ದುಕೊಳ್ಳುವುದಕ್ಕೂ ಕಾರಣವಿದೆ. ನೀರಿನಿಂದ ಬರುವ ಬೆಳಕು ಡಾಂಬರಿನ ಬೆಳಕಿಗೆ ಕೂಡುತ್ತದೆ, ಅದನ್ನು ಮುಚ್ಚುವುದಿಲ್ಲ. `Screen` ಕೂಡ ಬೆಳಕನ್ನು ಏರಿಸುತ್ತದೆಯೇ ಹೊರತು ತಗ್ಗಿಸುವುದಿಲ್ಲ.

ದೀಪಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಫೋಟೊದಲ್ಲಿ ಬಿಳಿ ಚುಕ್ಕೆಯಾಗಿ ಕಾಣುವ ದೀಪ ವಾಸ್ತವದಲ್ಲಿ ಬಿಳಿ ಗೋಡೆಗಿಂತ ಎಷ್ಟೋ ಪಟ್ಟು ಬೆಳಗುತ್ತಿರುತ್ತದೆ. ಕ್ಯಾಮೆರಾದ ಅಳತೆ ಬಿಳಿಯಲ್ಲೇ ಮುಗಿದುಹೋಗಿರುವುದರಿಂದ ಹೆಚ್ಚಿನದು ದಾಖಲಾಗಿರುವುದಿಲ್ಲ, ಅಷ್ಟೇ. ಅಂಥ ದೀಪದ ಶೇಕಡಾ 12 ಭಾಗವೂ ಚಿತ್ರದಲ್ಲಿ ಬಿಳಿಯಾಗಿಯೇ ಉಳಿಯುವಷ್ಟು ಇರುತ್ತದೆ. ಆದ್ದರಿಂದ ದೀಪಗಳನ್ನೂ ಹೊತ್ತಿಸಿದ ಬೋರ್ಡುಗಳನ್ನೂ ಬೇರೆ ಲೇಯರ್‌ನಲ್ಲಿ ಇಟ್ಟುಕೊಂಡು, ಅವುಗಳ ಬಿಂಬವನ್ನು ಹೆಚ್ಚು ಮಾಸಲು ಬಿಡಬಾರದು. ಗೋಡೆ ಮಾಸಬೇಕು, ದೀಪ ಉರಿಯುತ್ತಿರಬೇಕು.

ನಿಂತ ನೀರು ಬೇರೆ, ಒದ್ದೆ ಡಾಂಬರು ಬೇರೆ

ಮಳೆ ನಿಂತ ರಸ್ತೆಯಲ್ಲಿ ಎರಡು ಬಗೆಯ ಮೈ ಇರುತ್ತದೆ. ಹೊಂಡದಲ್ಲಿ ನಿಂತ ನೀರು ಸಮತಟ್ಟು, ಅದರಲ್ಲಿ ದೀಪ ಚುಕ್ಕೆಯಾಗಿಯೇ ಮೂಡುತ್ತದೆ. ಒದ್ದೆ ಡಾಂಬರಿನ ಮೇಲೆ ನೀರಿನ ತೆಳು ಪದರ ಜಲ್ಲಿಯ ಉಬ್ಬುತಗ್ಗುಗಳನ್ನು ಅನುಸರಿಸಿ ಕುಳಿತಿರುತ್ತದೆ. ಅಲ್ಲಿ ದೀಪ ಉದ್ದನೆಯ ಬೆಳಕಿನ ಪಟ್ಟಿಯಾಗುತ್ತದೆ. ಆ ಪಟ್ಟಿ ಯಾವಾಗಲೂ ನೋಡುವವನ ಕಡೆಗೆ, ಅಂದರೆ ಚಿತ್ರದಲ್ಲಿ ಮೇಲಿಂದ ಕೆಳಕ್ಕೆ ಚಾಚುತ್ತದೆ. ನೋಟ ನೆಲಕ್ಕೆ ಒರಗಿದಷ್ಟೂ ಪಟ್ಟಿಯ ಉದ್ದ ಅಗಲಕ್ಕಿಂತ ಹೆಚ್ಚುತ್ತದೆ. ಮೂರನೆಯ ದೀಪದ ಜಾಗದ 7 ಡಿಗ್ರಿಯಲ್ಲಿ ಉದ್ದ ಅಗಲದ ಸುಮಾರು ಎಂಟು ಪಟ್ಟು, ಕೆಳ ಅಂಚಿನ ಬಳಿಯ 21 ಡಿಗ್ರಿಯಲ್ಲಿ ಸುಮಾರು ಮೂರು ಪಟ್ಟು.

ಆದ್ದರಿಂದ ಪ್ರತಿಬಿಂಬದ ಲೇಯರ್‌ಗೆ ಎರಡು ನಕಲು ಬೇಕು. ಒಂದು ಚೂಪಾಗಿಯೇ ಉಳಿಯುತ್ತದೆ, ಅದು ಹೊಂಡಗಳೊಳಗೆ ಮಾತ್ರ ಕಾಣಬೇಕು. ಇನ್ನೊಂದಕ್ಕೆ `Motion Blur` ಕೊಟ್ಟು ಕೋನ 90 ಡಿಗ್ರಿ, ಉದ್ದ 300ರಿಂದ 600 ಪಿಕ್ಸೆಲ್ ಇಟ್ಟು ನೋಡಬೇಕು. ಅದು ಉಳಿದ ರಸ್ತೆಗೆ. ಹೀಗೆ ಎಳೆದಾಗ ದೀಪದ ಚುಕ್ಕೆ ಹರಡಿ ಬೂದುಗೆರೆಯಾಗಿ ಬಿಡುತ್ತದೆ. ಇಲ್ಲೂ ಕಾರಣ ಹಿಂದಿನದೇ, ಫೈಲಿನಲ್ಲಿ ದೀಪದ ಪೂರ್ತಿ ಬೆಳಕು ಇಲ್ಲ. ದೀಪಗಳ ಲೇಯರ್ ಅನ್ನು ಎಳೆದ ಮೇಲೆ ಎರಡು ಮೂರು ಸಲ ನಕಲು ಮಾಡಿ `Linear Dodge (Add)`ನಲ್ಲಿ ಒಂದರ ಮೇಲೊಂದು ಇಟ್ಟರೆ ಪಟ್ಟಿಗೆ ಜೀವ ಬರುತ್ತದೆ. ಪಟ್ಟಿಯ ಅತಿ ಬೆಳಕಿನ ಜಾಗ ಬಿಂಬ ಬೀಳಬೇಕಾದ ಬಿಂದುವಿನ ಆಸುಪಾಸಿನಲ್ಲೇ ಇರಬೇಕು, ಕಂಬದ ಬುಡದಲ್ಲಲ್ಲ.

ಹೊಂಡಗಳ ಮಾಸ್ಕ್ ಬರೆಯುವಾಗ ರಸ್ತೆಯ ಇಳಿಜಾರು ನೆನಪಿರಬೇಕು. ನೀರು ಹರಿದುಹೋಗಲೆಂದು ಡಾಂಬರು ರಸ್ತೆಯನ್ನು ನಡುವೆ ಉಬ್ಬಿಸಿ, ಎರಡೂ ಬದಿಗೆ ಇಳಿಸಿರುತ್ತಾರೆ. ಹಾಗಾಗಿ ನೀರು ನಿಲ್ಲುವುದು ಫುಟ್‌ಪಾತ್‌ನ ಅಂಚಿನಲ್ಲಿ, ಚಕ್ರಗಳು ಸವೆಸಿದ ತಗ್ಗಿನಲ್ಲಿ, ರಸ್ತೆ ಉಬ್ಬಿನ ಹಿಂದೆ, ಕೇಬಲ್‌ಗೆ ಅಗೆದು ಮುಚ್ಚಿದ ಕಡೆ. ಫೋಟೊದಲ್ಲಿ ಈ ತಗ್ಗುಗಳ ಗುರುತು ಇದ್ದೇ ಇರುತ್ತದೆ, ಅವುಗಳನ್ನೇ ಹಿಡಿದು ಬರೆಯುವುದು ಲೇಸು.

ಆಕಾರದಲ್ಲಿ ಆಗುವ ದೊಡ್ಡ ತಪ್ಪೆಂದರೆ ಹೊಂಡಗಳನ್ನು ದುಂಡಗೆ ಬರೆಯುವುದು. 1.6 ಮೀಟರ್ ಎತ್ತರದಿಂದ ನೋಡಿದಾಗ, 8 ಮೀಟರ್ ದೂರದಲ್ಲಿರುವ ಒಂದು ಮೀಟರ್ ಅಗಲದ ದುಂಡನೆಯ ಹೊಂಡ ಚಿತ್ರದಲ್ಲಿ ಸುಮಾರು 580 ಪಿಕ್ಸೆಲ್ ಅಗಲ, 117 ಪಿಕ್ಸೆಲ್ ಎತ್ತರ ಕಾಣುತ್ತದೆ. ಅಂದರೆ ಐದಕ್ಕೆ ಒಂದು. 16 ಮೀಟರ್ ದೂರದಲ್ಲಿ ಅದು ಹತ್ತಕ್ಕೆ ಒಂದು, ಬರೀ ಒಂದು ಗೀರು. ದೂರವನ್ನು ಕ್ಯಾಮೆರಾದ ಎತ್ತರದಿಂದ ಭಾಗಿಸಿದರೆ ಈ ಪ್ರಮಾಣ ಸಿಗುತ್ತದೆ. ಕೈಯಲ್ಲಿ ಇಷ್ಟು ಚಪ್ಪಟೆಯಾಗಿ ಬರೆಯುವುದು ಕಷ್ಟವಾದರೆ, ರಸ್ತೆಯನ್ನು ಮೇಲಿನಿಂದ ನೋಡಿದಂತೆ ಬೇರೆ ಲೇಯರ್‌ನಲ್ಲಿ ಹೊಂಡಗಳನ್ನು ಬಿಡಿಸಿ, ಆಮೇಲೆ `Perspective` ಕೊಟ್ಟು ರಸ್ತೆಯ ಮೇಲೆ ಮಲಗಿಸಬಹುದು. ಅಂಚುಗಳು ಕತ್ತರಿಸಿದಂತೆ ಇರಬಾರದು. ನೀರು ತೆಳುವಾಗುತ್ತ ಒದ್ದೆ ಡಾಂಬರಿನಲ್ಲಿ ಕರಗುವುದರಿಂದ, ಮಾಸ್ಕಿನ ಅಂಚು ಕೆಲವೆಡೆ ಚೂಪಾಗಿ, ಕೆಲವೆಡೆ ಹರಿದಂತೆ ಇರಬೇಕು.

ಸಿಗದೇ ಹೋಗುವುದು

ನೀರಿನ ಬಿಂಬದಲ್ಲಿ ಕಾಣುವುದು ರಸ್ತೆಯ ಕೆಳಗೆ 1.6 ಮೀಟರ್ ಆಳದಲ್ಲಿ ಕ್ಯಾಮೆರಾ ಇಟ್ಟು ಮೇಲಕ್ಕೆ ನೋಡಿದಂಥ ನೋಟ. ಅಂಗಡಿಯ ಮುಂಚಾಚಿದ ಶೀಟಿನ ಅಡಿಭಾಗ, ಕಾರಿನ ಹೊಟ್ಟೆ, ದೀಪದ ಬುರುಡೆಯ ಕೆಳಮೈ ಅದರಲ್ಲಿ ಕಾಣಬೇಕು. ಕಣ್ಣೆತ್ತರದ ಫೋಟೊದಲ್ಲಿ ಇವು ಪೂರ್ತಿಯಾಗಿ ಇರುವುದಿಲ್ಲ. ದೂರದ ವಸ್ತುಗಳಲ್ಲಿ ಈ ಕೊರತೆ ಗಮನಕ್ಕೆ ಬಾರದು. ಹತ್ತಿರ ನಿಂತ ಕಾರಿನಲ್ಲಿ ಬರುತ್ತದೆ. ಅದರ ಬಂಪರು, ಮುಂಚಕ್ರ, ಹಿಂಚಕ್ರ ಎಲ್ಲ ಬೇರೆ ಬೇರೆ ದೂರದಲ್ಲಿರುವುದರಿಂದ ಒಂದೇ ಮಡಿಕೆಗೆ ಬಗ್ಗುವುದಿಲ್ಲ. ಮುಂಭಾಗವನ್ನೂ ಪಕ್ಕವನ್ನೂ ಬೇರೆ ಬೇರೆ ಕತ್ತರಿಸಿ, ತಂತಮ್ಮ ಚಕ್ರಗಳು ನೆಲ ಮುಟ್ಟುವ ಗೆರೆಯಲ್ಲಿ ಮಡಿಸಿ, ನಡುವಿನ ಹೊಟ್ಟೆಭಾಗವನ್ನು ಕಪ್ಪಾಗಿ ತುಂಬಬೇಕು. ಇಲ್ಲವೇ ಹತ್ತಿರದ ವಾಹನದ ಮುಂದೆ ಹೊಂಡವನ್ನೇ ಇಡದೆ, ಒದ್ದೆ ಡಾಂಬರಿನ ಕದಡಿದ ಬಿಂಬದಲ್ಲಿ ಮರೆಸಬೇಕು.

ಕ್ಯಾಮೆರಾವನ್ನು ಕೆಳಕ್ಕೆ ಬಾಗಿಸಿ ತೆಗೆದ ಚಿತ್ರದಲ್ಲಿ ಇನ್ನೊಂದು ಕೊರತೆ ಬರುತ್ತದೆ. ದಿಗಂತ ನಡುವಿಗಿಂತ ಮೇಲಿದ್ದರೆ, ಕೆಳಗಿನ ರಸ್ತೆಯಲ್ಲಿ ಮೂಡಬೇಕಾದ ಆಕಾಶ ಮತ್ತು ಮೇಲಂತಸ್ತುಗಳು ಚೌಕಟ್ಟಿನ ಹೊರಗೇ ಉಳಿದಿರುತ್ತವೆ. ಅಂಥ ಕಡೆ ಹೊಂಡಗಳನ್ನು ದೂರದಲ್ಲಷ್ಟೇ ಇಟ್ಟು, ಹತ್ತಿರದ ರಸ್ತೆಗೆ ಆಕಾಶದ ಬಣ್ಣವನ್ನು ತೆಳುವಾಗಿ ಸವರುವುದೊಂದೇ ದಾರಿ.

ಮುಗಿಸುವ ಮುನ್ನ ನೋಡಬೇಕಾದದ್ದು

ಅಂಗಡಿಯ ಬೋರ್ಡು ಒಳ್ಳೆಯ ಸಾಕ್ಷಿ. ನೀರಿನಲ್ಲಿ ಅಕ್ಷರಗಳು ತಲೆಕೆಳಗಾಗುತ್ತವೆ, ಆದರೆ ಎಡಗಡೆಯ ಮೊದಲ ಅಕ್ಷರ ಎಡಗಡೆಯೇ ಇರುತ್ತದೆ. 'ಬೇಕರಿ' ಎಂಬುದರ ಬಿಂಬದಲ್ಲಿ 'ಬೇ' ಬಲಕ್ಕೆ ಹೋಗಿದ್ದರೆ, ಲೇಯರನ್ನು ಮಗುಚುವ ಬದಲು 180 ಡಿಗ್ರಿ ತಿರುಗಿಸಲಾಗಿದೆ ಎಂದರ್ಥ.

ಆಮೇಲೆ ಒಂದೊಂದು ದೀಪಕ್ಕೂ ನೇರ ಗೆರೆ ಎಳೆದು ನೋಡಬೇಕು. ದೀಪ, ಬುಡ, ಬಿಂಬ ಮೂರೂ ಒಂದೇ ಲಂಬದಲ್ಲಿದ್ದು ಬುಡ ನಟ್ಟನಡುವೆ ಬಂದರೆ ಸ್ಥಾನ ಸರಿಯಿದೆ. ಚಿತ್ರದ ಅಳತೆಯನ್ನು ಹೆಬ್ಬೆರಳಿನಷ್ಟಕ್ಕೆ ಕುಗ್ಗಿಸಿ ನೋಡಿದಾಗ ರಸ್ತೆ ಗೋಡೆಗಳಿಗಿಂತ ಹೆಚ್ಚು ಬೆಳಕಾಗಿ ಕಂಡರೆ ಪ್ರತಿಬಿಂಬ ಅತಿಯಾಗಿದೆ, ಏಕೆಂದರೆ ಗೋಡೆಯ ಬಿಂಬ ಗೋಡೆಗಿಂತ ಮಂಕಾಗಿಯೇ ಇರಬೇಕು. ಕೊನೆಯದಾಗಿ ರಸ್ತೆಯ ಹೊರಗೆ ಕಣ್ಣು ಹಾಯಿಸಬೇಕು. ಫುಟ್‌ಪಾತ್‌ನ ಕಲ್ಲು, ನಿಂತ ಸ್ಕೂಟರಿನ ಸೀಟು, ಆಟೊದ ಮೇಲ್ಹೊದಿಕೆ ಬೆಳ್ಳಗೆ ಒಣಗಿದ್ದು ರಸ್ತೆ ಮಾತ್ರ ನೆನೆದಿದ್ದರೆ, ನೀರಿನ ಟ್ಯಾಂಕರ್ ಸೋರಿಕೊಂಡು ಹೋದಂತೆ ಕಾಣುತ್ತದೆಯೇ ಹೊರತು ಮಳೆ ಬಂದಂತೆ ಕಾಣುವುದಿಲ್ಲ. ಕಲ್ಲನ್ನು ರಸ್ತೆಯಂತೆಯೇ ಒಂದು ಮಟ್ಟ ಕಪ್ಪು ಮಾಡಿ, ಸೀಟು ಮತ್ತು ಹೊದಿಕೆಯ ಮೇಲೆ ಆಕಾಶದ ಬಣ್ಣದ ತೆಳು ಹೊಳಪು ಇಟ್ಟರೆ ಚಿತ್ರ ಮುಗಿಯುತ್ತದೆ.